‘ಒಂದು’ ಅವಿಭಾಜ್ಯ ಸಂಖ್ಯೆಯೇಕಲ್ಲ?

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಯೆಂದು ಕರೆಯುವುದು ಶಾಲಾ ಪುಸ್ತಕಗಳ ವಾಡಿಕೆ. 2, 3, 5, 7, 11 ಮೊದಲಾದವು ಈ ಗುಂಪಿಗೆ ಸೇರಿದವು. ಈ ಲಕ್ಷಣವಾಕ್ಯವನ್ನು ಅಕ್ಷರಶಃ ಹಿಡಿದರೆ 1 ಕೂಡ ಇದೇ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕು. ಅದನ್ನು ಭಾಗಿಸುವ ಸಂಖ್ಯೆ ಅದೊಂದೇ. ಆದರೂ ಅದೇ ಪುಸ್ತಕವು ಮರುವಾಕ್ಯದಲ್ಲಿಯೇ 1 ಅವಿಭಾಜ್ಯವಲ್ಲವೆಂದು ವಿಧಿಸಿ ಸುಮ್ಮನಾಗುತ್ತದೆ. ಕಾರಣ ಕೇಳಿದ ವಿದ್ಯಾರ್ಥಿಗೆ ‘ಅದು ನಿಯಮ’ ಎಂಬ ಉತ್ತರ ದೊರೆಯುತ್ತದೆಯೇ ಹೊರತು ನಿಯಮದ ಹುಟ್ಟು ತಿಳಿಯುವುದಿಲ್ಲ. ಗಣಿತದ ಇತಿಹಾಸವನ್ನು ನೋಡಿದರೆ, ಪ್ರಾಚೀನರು ಒಂದನ್ನು ಹೊರಗಿಟ್ಟರು. ನಡುಗಾಲದ ನಂತರದವರಲ್ಲಿ ಹಲವರು ಅದನ್ನು ಒಳಗೆ ಕರೆತಂದರು. ಆಧುನಿಕರು ಮತ್ತೆ ಹೊರಗಿಟ್ಟರು. ಮೊದಲ ಬಾರಿ ಹೊರಗಿಟ್ಟ ಕಾರಣವೇ ಬೇರೆ, ಎರಡನೆಯ ಬಾರಿ ಹೊರಗಿಟ್ಟ ಕಾರಣವೇ ಬೇರೆ. ಈ ಭೇದವನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಯೂಕ್ಲಿಡ್ ರಚಿಸಿದ ‘ಎಲಿಮೆಂಟ್ಸ್’ ಗ್ರಂಥದ ಏಳನೆಯ ಭಾಗವು ಸಂಖ್ಯೆಗಳ ಲಕ್ಷಣಗಳಿಂದ ಆರಂಭವಾಗುತ್ತದೆ. ಅಲ್ಲಿ ಮೊದಲು ಹೇಳಿರುವುದು ಏಕಮಾನವೆಂದರೇನು ಎಂಬುದನ್ನು. ಬಳಿಕ ಸಂಖ್ಯೆಯೆಂದರೆ ಏಕಮಾನಗಳ ಸಮೂಹವೆಂದು ಹೇಳಲಾಗಿದೆ. ಸಮೂಹವೆಂದ ಮೇಲೆ ಎರಡಾದರೂ ಇರಬೇಕಷ್ಟೆ. ಹೀಗಾಗಿ ಆತನ ದೃಷ್ಟಿಯಲ್ಲಿ 1 ಸಂಖ್ಯೆಯೇ ಅಲ್ಲ, ಸಂಖ್ಯೆಗಳನ್ನು ಅಳೆಯುವ ಕೋಲು. ಏಕಮಾನವೊಂದರಿಂದಲೇ ಅಳೆಯಲ್ಪಡುವ ಸಂಖ್ಯೆ ಅವಿಭಾಜ್ಯವೆಂದು ಆತ ಹೇಳಿದಾಗ, 1ರ ವಿಷಯದಲ್ಲಿ ಪ್ರತ್ಯೇಕ ನಿಷೇಧ ಬೇಕಾಗಲಿಲ್ಲ. ಸಂಖ್ಯೆಯೇ ಅಲ್ಲದ್ದು ಅವಿಭಾಜ್ಯ ಸಂಖ್ಯೆಯಾಗುವುದೆಂತು?

ಇಂಥದೇ ವಿಚಾರವೊಂದು ಕನ್ನಡ ನಾಡಿನ ಜೈನ ಗಣಿತ ಪರಂಪರೆಯಲ್ಲಿಯೂ ಕಾಣುತ್ತದೆ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತಮ್ಮ ಪ್ರಾಕೃತ ಗ್ರಂಥವಾದ ‘ತ್ರಿಲೋಕಸಾರ’ದಲ್ಲಿ ಗಣನೆಯು ಒಂದರಿಂದಲೂ, ಸಂಖ್ಯೆಯು ಎರಡರಿಂದಲೂ, ‘ಕೃತಿ’ ಎಂಬ ವರ್ಗವು ಮೂರರಿಂದಲೂ ಆರಂಭವಾಗುತ್ತವೆಂದು ಹೇಳಿದ್ದಾರೆ. ಇದು ಅವಿಭಾಜ್ಯತೆಯನ್ನು ಕುರಿತ ಮಾತಲ್ಲ. ಆದುದರಿಂದ ಆಧುನಿಕ ನಿಯಮದ ಮೂಲವನ್ನು ಇಲ್ಲಿ ಹುಡುಕುವುದು ಸಲ್ಲದು. ಒಂದು ಎಂಬುದು ಇತರ ಸಂಖ್ಯೆಗಳ ಸಾಲಿನಲ್ಲಿ ಸುಲಭವಾಗಿ ಕೂಡದ ವಸ್ತುವೆಂಬ ಅರಿವು ಗ್ರೀಕರಿಗೆ ಮಾತ್ರ ಮೀಸಲಾಗಿರಲಿಲ್ಲವೆಂಬಷ್ಟನ್ನು ಇದು ತೋರಿಸುತ್ತದೆ.

ಗ್ರೀಕರ ಈ ಕಟ್ಟಳೆ ಯೂರೋಪಿನಲ್ಲಿ ಬಹುಕಾಲ ನಡೆಯಿತು. 1585ರಲ್ಲಿ ಸೈಮನ್ ಸ್ಟೆವಿನ್ ಎಂಬ ನೆದರ್ಲೆಂಡ್ಸ್ ಪ್ರಾಂತದ ಗಣಿತಜ್ಞನು ಒಂದೂ ಸಂಖ್ಯೆಯೇ ಎಂದು ಬಲವಾಗಿ ವಾದಿಸಿದನು. ಕ್ರಮೇಣ ಈ ವಾದವೇ ಗೆದ್ದಿತು. ಆದರೆ ಆ ಗೆಲುವಿನೊಡನೆ ಹಳೆಯ ಗೋಡೆಯೂ ಬಿದ್ದುಹೋಯಿತು. ಒಂದು ಸಂಖ್ಯೆಯೆಂದಾದರೆ, ಮತ್ತು ಅದಕ್ಕೆ ಬೇರೆ ಭಾಜಕಗಳಿಲ್ಲವೆಂದಾದರೆ, ಅದನ್ನು ಅವಿಭಾಜ್ಯವೆನ್ನಲು ಅಡ್ಡಿಯೇನು? 1742ರ ಜೂನ್ 7ರಂದು ಗೋಲ್ಡ್‌ಬಾಖ್ ಆಯ್ಲರನಿಗೆ ಬರೆದ ಪ್ರಸಿದ್ಧ ಪತ್ರದಲ್ಲಿ, 2ಕ್ಕಿಂತ ದೊಡ್ಡದಾದ ಪ್ರತಿಯೊಂದು ಸಂಖ್ಯೆಯೂ ಮೂರು ಅವಿಭಾಜ್ಯಗಳ ಮೊತ್ತವೆಂಬ ಊಹೆಯಿದೆ. ಇಲ್ಲಿ 3 ಎಂಬುದು 1 + 1 + 1; ಅಂದರೆ ಆತನು 1ನ್ನು ಅವಿಭಾಜ್ಯಗಳಲ್ಲಿ ಎಣಿಸಿದ್ದಾನೆ. ಈ ಬಳಕೆ ಇಪ್ಪತ್ತನೆಯ ಶತಮಾನಕ್ಕೂ ಇಳಿದುಬಂದಿತು. 1914ರಲ್ಲಿ ಅಮೆರಿಕದ ಡೆರಿಕ್ ನಾರ್ಮನ್ ಲೆಹ್ಮರ್ ಪ್ರಕಟಿಸಿದ ಅವಿಭಾಜ್ಯಗಳ ದೊಡ್ಡ ಪಟ್ಟಿಯು 10,006,721ರವರೆಗೆ ಹೋಗುತ್ತದೆ; ಅದು ಆರಂಭವಾಗುವುದು 2ರಿಂದಲ್ಲ, 1ರಿಂದ. ಲೆಹ್ಮರನಂಥವನು ಅಜ್ಞಾನದಿಂದ ಹೀಗೆ ಮಾಡಿದನೆಂದು ಯಾರೂ ಹೇಳಲಾರರು. ಹಾಗಾದರೆ ಇಂದು ಆ 1ನ್ನು ನಾವು ಬಿಟ್ಟಿರುವುದೇಕೆ?

ಉತ್ತರವು ಅನನ್ಯ ಅಪವರ್ತನ ಪ್ರಮೇಯದಲ್ಲಿದೆ. 1ಕ್ಕಿಂತ ದೊಡ್ಡದಾದ ಪ್ರತಿಯೊಂದು ಪೂರ್ಣಸಂಖ್ಯೆಯನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯಬಹುದು. ಅಪವರ್ತನಗಳ ಅನುಕ್ರಮವನ್ನು ಬಿಟ್ಟರೆ ಹಾಗೆ ಬರೆಯುವ ರೀತಿ ಒಂದೇ. ಇದು ಪ್ರಮೇಯದ ತಾತ್ಪರ್ಯ. 360ನ್ನು ಒಬ್ಬನು 36 × 10 ಎಂದು ಒಡೆಯಲಿ, ಇನ್ನೊಬ್ಬನು 8 × 45 ಎಂದು ಒಡೆಯಲಿ, ಕೊನೆಗೆ ಇಬ್ಬರ ಕೈಯಲ್ಲಿಯೂ ಉಳಿಯುವುದು ಮೂರು 2, ಎರಡು 3, ಒಂದು 5. ಈ ಅನನ್ಯತೆಯನ್ನು ಸ್ಪಷ್ಟವಾದ ಪ್ರಮೇಯವಾಗಿ ನಿರೂಪಿಸಿ ಸಾಧಿಸಿದವನು ಗೌಸ್. 1801ರ ‘ಡಿಸ್ಕ್ವಿಸಿಶಿಯೋನೆಸ್ ಅರಿಥ್ಮೆಟಿಕೇ’ ಗ್ರಂಥದ 16ನೆಯ ಪರಿಚ್ಛೇದದಲ್ಲಿ ಅದು ದೊರೆಯುತ್ತದೆ.

1 ಅವಿಭಾಜ್ಯವಾದರೆ 360ರ ಗತಿಯೇನಾಗುವುದೆಂದು ನೋಡೋಣ. ಮೇಲಿನ ಗುಣಲಬ್ಧದೊಡನೆ ಒಂದು 1ನ್ನು ಸೇರಿಸಬಹುದು, ಹತ್ತನ್ನು ಸೇರಿಸಬಹುದು, ಸಾವಿರವನ್ನೂ ಸೇರಿಸಬಹುದು, ಬೆಲೆ ಬದಲಾಗದು. ಒಂದೇ ರೀತಿಯೆಂಬಲ್ಲಿ ಅನಂತ ರೀತಿಗಳಾಗುತ್ತವೆ. ಇಷ್ಟು ಎಲ್ಲರೂ ಬಲ್ಲ ಮಾತು. ಆದರೆ ಪ್ರಮೇಯದ ಸಾಧನೆಯಲ್ಲಿ ಮುರಿಯುವ ಕೊಂಡಿ ಯಾವುದೆಂಬುದನ್ನು ಗುರುತಿಸಿದಾಗ ಮಾತ್ರ ವಿಷಯ ತಿಳಿಯಾಗುತ್ತದೆ. ಸಾಧನೆಯ ಮೊದಲ ಆಧಾರ ಯೂಕ್ಲಿಡನ ಏಳನೆಯ ಭಾಗದ 30ನೆಯ ಪ್ರತಿಜ್ಞೆ: ಅವಿಭಾಜ್ಯವೊಂದು ಎರಡು ಸಂಖ್ಯೆಗಳ ಗುಣಲಬ್ಧವನ್ನು ಭಾಗಿಸಿದರೆ, ಆ ಎರಡರಲ್ಲಿ ಒಂದನ್ನಾದರೂ ಭಾಗಿಸಲೇಬೇಕು. ವಿಚಿತ್ರವೆಂದರೆ 1 ಈ ಪರೀಕ್ಷೆಯಲ್ಲಿ ಸೋಲುವುದಿಲ್ಲ. ಎಲ್ಲವನ್ನೂ ಭಾಗಿಸುವ ಸಂಖ್ಯೆ ಯಾವುದನ್ನು ತಾನೇ ಭಾಗಿಸದು? ಬಿರುಕು ಬೀಳುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಸಂಖ್ಯೆಗೆ ಎರಡು ಅಪವರ್ತನಗಳಿವೆಯೆಂದು ಭಾವಿಸೋಣ. ಮೊದಲನೆಯದರಲ್ಲಿ p ಎಂಬ ಅವಿಭಾಜ್ಯವಿದೆ. ಮೇಲಿನ ಪ್ರತಿಜ್ಞೆಯ ಬಲದಿಂದ ಅದು ಎರಡನೆಯದರಲ್ಲಿರುವ q ಎಂಬ ಯಾವುದೋ ಅವಿಭಾಜ್ಯವನ್ನು ಭಾಗಿಸಬೇಕು. ಆದರೆ qದ ಭಾಜಕಗಳು 1 ಮತ್ತು q ಮಾತ್ರ. p ಎಂಬುದು 1 ಅಲ್ಲ. ಆದ್ದರಿಂದ p ಮತ್ತು q ಒಂದೇ. ಎರಡೂ ಕಡೆ ಅದನ್ನು ಹೊಡೆದುಹಾಕಿ, ಉಳಿದುದಕ್ಕೆ ಇದೇ ಕ್ರಮವನ್ನು ಅನುಸರಿಸಿದರೆ ಎರಡು ಅಪವರ್ತನಗಳೂ ಒಂದೇ ಎಂದು ಸಿದ್ಧವಾಗುತ್ತದೆ. ಇಡೀ ಸಾಧನೆ ನಿಂತಿರುವುದು ‘p ಎಂಬುದು 1 ಅಲ್ಲ’ ಎಂಬ ಆ ಚಿಕ್ಕ ವಾಕ್ಯದ ಮೇಲೆ. ಒಂದು ಅವಿಭಾಜ್ಯವು ಇನ್ನೊಂದನ್ನು ಭಾಗಿಸಿದರೆ ಎರಡೂ ಒಂದೇ ಆಗಿರಬೇಕೆಂಬ ಮಾತು ಉಳಿದೆಲ್ಲ ಅವಿಭಾಜ್ಯಗಳಿಗೆ ಸಲ್ಲುತ್ತದೆ; 1ಕ್ಕೆ ಮಾತ್ರ ಸಲ್ಲುವುದಿಲ್ಲ.

ಇಲ್ಲಿ ಆಕ್ಷೇಪವೊಂದು ಏಳಬಹುದು. ‘1ರ ಸಂಖ್ಯೆಯನ್ನು ಗಣನೆಗೆ ತೆಗೆದುಕೊಳ್ಳದೆ’ ಎಂಬ ಮಾತನ್ನು ಪ್ರಮೇಯಕ್ಕೆ ಸೇರಿಸಿದರೆ ಸಾಲದೇ? ಆ ಒಂದು ಪ್ರಮೇಯದ ಮಟ್ಟಿಗೆ ಸಾಕು. ಲೆಹ್ಮರನಂಥವರ ಕೆಲಸ ನಡೆದದ್ದೂ ಇಂಥ ಮೌನ ಒಪ್ಪಂದದಿಂದಲೇ. ಆದರೆ ತೇಪೆ ಒಂದೇ ಕಡೆ ನಿಲ್ಲುವುದಿಲ್ಲ. 360ಕ್ಕೆ ಎಷ್ಟು ಭಾಜಕಗಳೆಂದು ತಿಳಿಯಲು ಘಾತಗಳಾದ 3, 2, 1ಕ್ಕೆ ಒಂದೊಂದನ್ನು ಕೂಡಿಸಿ ಗುಣಿಸುತ್ತೇವೆ: 4 × 3 × 2 = 24. ಉತ್ತರ ಸರಿ. ಈಗ 1ನ್ನೂ ಅವಿಭಾಜ್ಯವಾಗಿ ಒಂದು ಸಲ ಬರೆದರೆ ಇನ್ನೊಂದು 2ರಿಂದ ಗುಣಿಸಿ 48 ಎನ್ನಬೇಕಾಗುತ್ತದೆ. ಎರಡು ಸಲ ಬರೆದರೆ 72. ಎರಡೂ ತಪ್ಪು. ಆಯ್ಲರನು 1737ರಲ್ಲಿ ಕಂಡುಕೊಂಡ ಗುಣಲಬ್ಧ ಸೂತ್ರದಲ್ಲಿ ಪ್ರತಿ ಅವಿಭಾಜ್ಯಕ್ಕೂ 1/(1 − 1/p) ಎಂಬ ಪದವಿದೆ, ಅಥವಾ pಯ ಬದಲು ಅದರ ಘಾತವೊಂದಿರುತ್ತದೆ; p ಸ್ಥಾನದಲ್ಲಿ 1ನ್ನಿಟ್ಟರೆ ಛೇದ ಶೂನ್ಯವಾಗಿ ಸೂತ್ರವೇ ಅರ್ಥಹೀನವಾಗುತ್ತದೆ. ಹೀಗೆ ಸೂತ್ರ ಸೂತ್ರಕ್ಕೂ ‘1ರ ಹೊರತು’ ಎಂದು ಬರೆಯುವುದಕ್ಕಿಂತ ಲಕ್ಷಣವಾಕ್ಯದಲ್ಲಿಯೇ ಒಮ್ಮೆ ಬರೆಯುವುದು ಲೇಸು.

ಆದರೂ ಇದು ಅನುಕೂಲದ ಮಾತೇ ಆಯಿತು. 1 ಬೇರೊಂದು ಜಾತಿಯದೆಂಬುದಕ್ಕೆ ನಿಜವಾದ ಪ್ರಮಾಣ ದೊರೆತದ್ದು ಸಾಮಾನ್ಯ ಪೂರ್ಣಾಂಕಗಳ ಎಲ್ಲೆಯನ್ನು ದಾಟಿದಾಗ. 1832ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಗೌಸ್ a + bi ರೂಪದ ಪೂರ್ಣಾಂಕಗಳನ್ನು ವಿಚಾರಿಸಿದನು. ಇಲ್ಲಿ a ಮತ್ತು b ಸಾಮಾನ್ಯ ಪೂರ್ಣಾಂಕಗಳು, iಯ ವರ್ಗ −1. ಈ ಜಗತ್ತಿನಲ್ಲಿ 5 ಅವಿಭಾಜ್ಯವಲ್ಲ. ಅದು (2 + i)(2 − i). ಅದೇ 5ನ್ನು (1 + 2i)(1 − 2i) ಎಂದೂ ಬರೆಯಬಹುದು. ಅನನ್ಯತೆ ಕೆಟ್ಟಿತೇ? ಇಲ್ಲ. 2 + i ಎಂಬುದನ್ನು −iಯಿಂದ ಗುಣಿಸಿದರೆ 1 − 2i ಬರುತ್ತದೆ. 2 − i ಎಂಬುದನ್ನು iಯಿಂದ ಗುಣಿಸಿದರೆ 1 + 2i ಬರುತ್ತದೆ. ಅಪವರ್ತನಗಳು ಅವೇ, ವೇಷ ಮಾತ್ರ ಬೇರೆ. ಈ ವೇಷವನ್ನು ತೊಡಿಸುವವು 1, −1, i, −i ಎಂಬ ನಾಲ್ಕು. ಇವುಗಳಿಗೊಂದು ಸಮಾನ ಗುಣವಿದೆ: ಪ್ರತಿಯೊಂದರ ವ್ಯುತ್ಕ್ರಮವೂ ಅದೇ ಜಗತ್ತಿನೊಳಗಿದೆ. ಇವುಗಳಿಂದ ಗುಣಿಸಿದ್ದನ್ನು ಇವುಗಳಿಂದಲೇ ಬಿಡಿಸಿಕೊಳ್ಳಬಹುದು. ಆದ್ದರಿಂದ ಇವು ಯಾವುದನ್ನೂ ಒಡೆಯುವುದಿಲ್ಲ, ಕಟ್ಟುವುದೂ ಇಲ್ಲ. ಗೌಸ್ ಇವನ್ನು ಏಕಮಾನಗಳೆಂದು ಕರೆದನು. ಯೂಕ್ಲಿಡನ ಹಳೆಯ ಹೆಸರು ಹೊಸ ಅರ್ಥದೊಡನೆ ಮರಳಿ ಬಂದಿತು. 1 ಈಗ ಹೊರಗುಳಿದಿರುವುದು ಸಂಖ್ಯೆಯಲ್ಲವೆಂಬ ಕಾರಣಕ್ಕಲ್ಲ; ಏಕಮಾನಗಳ ಕುಲಕ್ಕೆ ಸೇರಿದುದೆಂಬ ಕಾರಣಕ್ಕೆ.

ಈ ವಿಂಗಡಣೆಯಿಲ್ಲದಿದ್ದರೆ ಏನನ್ನು ಕಳೆದುಕೊಳ್ಳುತ್ತಿದ್ದೆವೆಂಬುದಕ್ಕೆ 1847ರ ಘಟನೆ ಸಾಕ್ಷಿ. ಆ ವರ್ಷದ ಮಾರ್ಚಿಯಲ್ಲಿ ಲಾಮೇ ಎಂಬ ಗಣಿತಜ್ಞನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಫರ್ಮಾನ ಕಡೆಯ ಪ್ರಮೇಯವನ್ನು ಸಾಧಿಸಿದೆನೆಂದು ಸಾರಿದನು. ಆತನ ವಾದವು ಹೊಸ ಬಗೆಯ ಸಂಖ್ಯೆಗಳಲ್ಲಿಯೂ ಅಪವರ್ತನ ಅನನ್ಯವೆಂಬ ನಂಬಿಕೆಯ ಮೇಲೆ ನಿಂತಿತ್ತು. ಲ್ಯೂವಿಲ್ ಅಲ್ಲಿಯೇ ಈ ನಂಬಿಕೆಯನ್ನು ಪ್ರಶ್ನಿಸಿದನು. ಜರ್ಮನಿಯ ಕುಮ್ಮರನು ಅದು ಎಲ್ಲೆಡೆಯೂ ನಿಜವಲ್ಲವೆಂದು ತಾನು ಮೊದಲೇ ಪ್ರಕಟಿಸಿರುವುದಾಗಿ ಪತ್ರ ಬರೆದನು. ಇಂಥ ನಿಜವಾದ ಭಂಗದ ಸರಳ ನಿದರ್ಶನವೆಂದರೆ a + b√−5 ರೂಪದ ಸಂಖ್ಯೆಗಳು. ಅಲ್ಲಿ 6 = 2 × 3; ಮತ್ತೆ 6 = (1 + √−5)(1 − √−5). ಈ ನಾಲ್ಕರಲ್ಲಿ ಯಾವುದನ್ನೂ ಮತ್ತೆ ಒಡೆಯಲಾಗದು. ಈ ಜಗತ್ತಿನ ಏಕಮಾನಗಳು 1 ಮತ್ತು −1 ಮಾತ್ರ; ಅವುಗಳಿಂದ ಎಷ್ಟು ಗುಣಿಸಿದರೂ 2 ಎಂಬುದು 1 + √−5 ಆಗದು. ಇಲ್ಲಿ ವೇಷ ಬೇರೆಯಲ್ಲ, ವ್ಯಕ್ತಿಗಳೇ ಬೇರೆ. ಈ ಭಂಗವನ್ನು ಸರಿಪಡಿಸುವ ಯತ್ನದಲ್ಲಿ ಕುಮ್ಮರನ ಆದರ್ಶ ಸಂಖ್ಯೆಗಳೂ, ಡೆಡೆಕಿಂಡನು 1871ರಲ್ಲಿ ಮಂಡಿಸಿದ ಆದರ್ಶಗಳ ಸಿದ್ಧಾಂತವೂ ಹುಟ್ಟಿದವು.

5ರ ಎರಡು ಅಪವರ್ತನಗಳೂ 6ರ ಎರಡು ಅಪವರ್ತನಗಳೂ ಮೇಲುನೋಟಕ್ಕೆ ಒಂದೇ ಬಗೆಯವು. ಒಂದು ಹುಸಿ ಭಂಗ, ಇನ್ನೊಂದು ನಿಜವಾದ ಭಂಗ. ಇವೆರಡನ್ನು ಬೇರ್ಪಡಿಸುವ ಒರೆಗಲ್ಲು ಏಕಮಾನದ ಕಲ್ಪನೆ. 1ನ್ನೂ ಅದರ ಸೋದರರನ್ನೂ ಅವಿಭಾಜ್ಯಗಳೊಡನೆ ಬೆರೆಸಿಬಿಟ್ಟರೆ ಪ್ರತಿಯೊಂದು ಜಗತ್ತಿನಲ್ಲಿಯೂ, ಪ್ರತಿಯೊಂದು ಸಂಖ್ಯೆಗೂ ಅನನ್ಯತೆ ಕೆಟ್ಟಂತೆಯೇ ತೋರುತ್ತದೆ. ಎಲ್ಲೆಡೆ ಕೆಟ್ಟಿರುವಲ್ಲಿ ನಿಜವಾಗಿ ಕೆಟ್ಟ ಜಾಗವನ್ನು ಕಾಣುವುದು ಅಸಾಧ್ಯ.

ಹಾಗೆಂದು 1 ಅಪವರ್ತನದ ವ್ಯವಸ್ಥೆಯಿಂದ ಬಹಿಷ್ಕೃತವಾದುದೆಂದು ತಿಳಿಯಬಾರದು. ಅವಿಭಾಜ್ಯಗಳೆಲ್ಲವನ್ನೂ ಶೂನ್ಯ ಘಾತಕ್ಕೇರಿಸಿ ಗುಣಿಸಿದರೆ ದೊರೆಯುವುದು 1. ಅಂದರೆ ಒಂದೂ ಅವಿಭಾಜ್ಯವನ್ನು ಬಳಸದೆ ಬರುವ ಗುಣಲಬ್ಧವೇ ಅದು. ಅದಕ್ಕಿರುವ ಭಾಜಕ ಒಂದೇ, ಮೇಲಿನ ಸೂತ್ರವೂ ಅಷ್ಟನ್ನೇ ಹೇಳುತ್ತದೆ. ಆದ್ದರಿಂದ ಸಂಖ್ಯೆಗಳನ್ನು ಮೂರು ಪಂಗಡಗಳಾಗಿ ಎಣಿಸುವುದು ಯುಕ್ತ: ಒಂದೂ ಅವಿಭಾಜ್ಯ ಬೇಡದ 1, ಒಂದೇ ಅವಿಭಾಜ್ಯದಿಂದಾದ 2, 3, 5 ಮೊದಲಾದವು, ಒಂದಕ್ಕಿಂತ ಹೆಚ್ಚು ಅವಿಭಾಜ್ಯಗಳಿಂದ ಕೂಡಿದ 4, 6, 8, 9 ಮೊದಲಾದವು. ಶಾಲೆಯ ಲಕ್ಷಣವಾಕ್ಯವನ್ನು ‘ಸರಿಯಾಗಿ ಎರಡು ಭಾಜಕಗಳುಳ್ಳ ಸಂಖ್ಯೆ ಅವಿಭಾಜ್ಯ’ ಎಂದು ತಿದ್ದಿ ಹೇಳಿದರೆ, ಬಿಡಿ ನಿಷೇಧದ ಅವಶ್ಯಕತೆಯೇ ಇರುವುದಿಲ್ಲ.