ತಿದ್ದಿದ ಸಂದೇಶಗಳಲ್ಲಿ ಯಾರಿಗೆ, ಎಷ್ಟು, ಯಾವಾಗ: ಒಂದು ಪರಿಶೀಲನಾ ಕ್ರಮ

ಆಡುಮಾತಿನ ವಾಟ್ಸ್ಆ್ಯಪ್ ಸಂದೇಶಗಳ ಕಂತೆಯನ್ನು ಶಿಷ್ಟ ಬರಹಕ್ಕೆ ತಿರುಗಿಸಿದ ಮೇಲೆ, ಎರಡೂ ಪಠ್ಯಗಳ ಅಂಕಿಗಳನ್ನು ಹೆಕ್ಕಿ ತಾಳೆ ನೋಡುವುದು ಸಾಮಾನ್ಯ ರೂಢಿ. ಅಷ್ಟು ಸಾಲದು ಎಂಬುದು ಈ ಟಿಪ್ಪಣಿಯ ವಾದ.

ವಿವರಣೆಗಾಗಿ ಹೆಣೆದ ಒಂದು ಸಂದೇಶ ಹೀಗಿದೆ: “ಮಂಜುನಾಥ್‌ಗೆ 12ರೊಳಗೆ ಒಂದೂವರೆ ಸಾವಿರ ಕೊಟ್ಬಿಡಿ, ಸವಿತಾಗೆ 15ರೊಳಗೆ 850 ಸಾಕು.” ತಿದ್ದಿದ ರೂಪ: “ಮಂಜುನಾಥ್ ಅವರಿಗೆ ರೂ. 1,500 ಹಾಗೂ ಸವಿತಾ ಅವರಿಗೆ ರೂ. 850ನ್ನು 15ನೇ ತಾರೀಖಿನೊಳಗೆ, 12ರ ನಂತರ ತಡಮಾಡದೆ ಪಾವತಿಸಬೇಕು.” ಹೆಸರು, ಮೊತ್ತ, ತಾರೀಖು ಒಂದೂ ಬಿಟ್ಟುಹೋಗಿಲ್ಲ, ಬಿಡಿ ಅಂಕಿಗಳ ತಾಳೆಯಲ್ಲಿ ಇದು ತೇರ್ಗಡೆಯಾಗುತ್ತದೆ. ಆದರೆ ಮಂಜುನಾಥ್ ಅವರ ಗಡುವು ಮೂರು ದಿನ ಮುಂದಕ್ಕೆ ಹೋಗಿದೆ. ಎರಡು ವಾಕ್ಯಗಳನ್ನು ಒಂದಾಗಿಸುವಾಗ ಅಂಕಿ ಉಳಿದು ಅದರ ನಂಟು ಕಳಚುವುದು ಹೀಗೆ.

ಆದ್ದರಿಂದ ಮೂಲದಿಂದ ಮೊದಲು ಒಂದು ಪಟ್ಟಿ ಮಾಡಬೇಕು: ಯಾರಿಗೆ, ಎಷ್ಟು, ಯಾವಾಗ ಎಂಬ ಮೂರು ಅಂಕಣ, ಪ್ರತಿ ಬಾಬತ್ತಿಗೆ ಒಂದು ಸಾಲು. ತಿದ್ದಿದ ಪಠ್ಯದಿಂದ ಇನ್ನೊಂದು ಪಟ್ಟಿಯನ್ನು ಮೂಲ ನೋಡದ ಬೇರೊಬ್ಬರು ಮಾಡಬೇಕು. ಮೂಲ ಗೊತ್ತಿದ್ದವರ ಕಣ್ಣು ಅಲ್ಲಿರುವುದನ್ನು ಬಿಟ್ಟು ಇರಬೇಕಾದದ್ದನ್ನು ಓದಿಕೊಳ್ಳುತ್ತದೆ. ಬಳಿಕ ಸಾಲಿಗೆ ಸಾಲು ಹೋಲಿಕೆ.

ಕಂತೆ ದೊಡ್ಡದಾಗಿ ಕಂಪ್ಯೂಟರಿನಲ್ಲಿ ಹೋಲಿಸುವಾಗ ಸುಳ್ಳು ವ್ಯತ್ಯಾಸಗಳು ಬರುತ್ತವೆ. `[0-9]` ಎಂದು ಹುಡುಕಿದರೆ ‘೮೫೦’ ಸಿಗದು. ಪೈಥಾನ್‌ನಲ್ಲಿ `\d` ಕನ್ನಡ ಅಂಕಿಗಳನ್ನೂ ಹಿಡಿಯುತ್ತದೆ. ‘ಒಂದೂವರೆ ಸಾವಿರ’ ಎರಡಕ್ಕೂ ಸಿಗದು. ಅಂಥ ಪದಗಳಿಗೆ ಬೇರೆಯೇ ಕೋಷ್ಟಕ ಬೇಕು. ‘ಮಂಜುನಾಥ್‌ಗೆ’ ಎಂಬಲ್ಲಿ ಅರ್ಧಾಕ್ಷರವನ್ನು ಬಿಡಿಯಾಗಿ ನಿಲ್ಲಿಸಲು U+200C ಎಂಬ ಕಾಣದ ಚಿಹ್ನೆ ಇರುತ್ತದೆ. ಅದನ್ನೂ ವಿಭಕ್ತಿ ಪ್ರತ್ಯಯವನ್ನೂ ತೆಗೆದ ಮೇಲೆಯೇ ಹೆಸರನ್ನು ಹೋಲಿಸಬೇಕು. ಹೀಗೆ ಏಕರೂಪಗೊಳಿಸುವುದೆಲ್ಲ ಪರಿಶೀಲನೆಯ ಪ್ರತಿಯಲ್ಲಿ ಮಾತ್ರ.

ಗಡುವಿನಲ್ಲಿ ಅಂಕಿಯಷ್ಟೇ ಪ್ರತ್ಯಯವೂ ಮುಖ್ಯ. ‘12ರೊಳಗೆ’ ಎಂದರೆ ಬಳಕೆಯಲ್ಲಿ 12ನೇ ದಿನವೂ ಸೇರುತ್ತದೆ. ‘12ಕ್ಕಿಂತ ಮೊದಲು’ ಎಂದು ತಿದ್ದಿದರೆ ಒಂದು ದಿನ ಹೋಯಿತು. ‘ನಾಳೆ’ ಎಂಬುದನ್ನು ತಾರೀಖಾಗಿಸಲು ಸಂದೇಶ ಕಳಿಸಿದ ದಿನ ಮತ್ತು ಸಮಯ ಎರಡೂ ಬೇಕು: ನಡುರಾತ್ರಿ 12:40ಕ್ಕೆ ಬರೆದ ‘ನಾಳೆ’ ಬೆಳಗಾದರೆ ಬರುವ ದಿನವೋ ಅದರ ಮರುದಿನವೋ ಹೇಳಲಾಗದು. ಅಂಥಲ್ಲಿ ತಾರೀಖು ತುಂಬದೆ, ಆ ಸಾಲಿಗೆ ಗುರುತು ಹಾಕಿ ಕಳಿಸಿದವರನ್ನೇ ಕೇಳಬೇಕು.

ಎರಡೂ ಪಟ್ಟಿಗಳು ತಾಳೆಯಾದರೆ ತಿದ್ದುವಾಗ ಏನೂ ಕದಲಲಿಲ್ಲ ಎಂದಷ್ಟೇ ಅರ್ಥ. ಮೂಲದಲ್ಲೇ 850 ತಪ್ಪಾಗಿದ್ದರೆ ಈ ಕ್ರಮ ಆ ತಪ್ಪನ್ನೂ ಹಾಗೆಯೇ ಕಾಪಾಡುತ್ತದೆ.