ಬಿಟ್ಟುಹೋದ ಕಾರ್ಟ್‌ನ ನೆನಪೋಲೆ

ಆನ್‌ಲೈನ್ ಬಟ್ಟೆ ಅಂಗಡಿಯಲ್ಲಿ ಸರಕನ್ನು ಕಾರ್ಟ್‌ಗೆ ಹಾಕಿ, ಹಣ ಕೊಡದೆ ಹೊರಟುಹೋದವರಿಗೆ ಕಳುಹಿಸುವ ಇಮೇಲ್. ಇಮೇಲ್ ವಿಳಾಸ ಗೊತ್ತಿದ್ದರೆ ಮಾತ್ರ ಇದು ಸಾಧ್ಯ. ಆದ್ದರಿಂದ ಚೆಕ್‌ಔಟ್‌ನಲ್ಲಿ ಮನೆ ವಿಳಾಸಕ್ಕಿಂತ ಮೊದಲೇ ಇಮೇಲ್ ಕೇಳಬೇಕು. ಹೊಸ ಸರಕಿನ ಸುದ್ದಿ ಕಳುಹಿಸುವ ಪಟ್ಟಿ ಬೇರೆಯದೇ: ಅದಕ್ಕೆ ಗ್ರಾಹಕರೇ ಟಿಕ್ ಹಾಕಿ ಒಪ್ಪಿರಬೇಕು. ದುಡ್ಡು ಕೊಟ್ಟು ತಂದ ಪಟ್ಟಿಯಿಂದ ಸ್ಪ್ಯಾಮ್ ದೂರುಗಳು ಬರುತ್ತವೆ. ದೂರುಗಳು ಶೇ 0.3 ಮುಟ್ಟಬಾರದೆಂದು ಜಿಮೇಲ್ ಹೇಳುತ್ತದೆ. ಅವು ಹೆಚ್ಚಿದರೆ ನೆನಪೋಲೆಯೂ ಸ್ಪ್ಯಾಮ್‌ಗೆ ಬೀಳುತ್ತದೆ.

2,800 ರೂಪಾಯಿಯ ಇಳಕಲ್ ಸೀರೆಯೊಂದು ಕಾರ್ಟ್‌ನಲ್ಲಿ ಉಳಿದಿದೆ ಎನ್ನೋಣ. ಒಂದು ಗಂಟೆಯ ನಂತರದ ಮೊದಲ ಓಲೆಯಲ್ಲಿ ಸೀರೆಯ ಚಿತ್ರ, ಬೆಲೆ, ನೇರವಾಗಿ ಅದೇ ಕಾರ್ಟ್ ತೆರೆಯುವ ಲಿಂಕ್ ಇದ್ದರೆ ಸಾಕು. ಮರುದಿನದ ಓಲೆ ಅನುಮಾನಗಳಿಗೆ ಉತ್ತರ ಕೊಡಬೇಕು: ಬ್ಲೌಸ್ ಪೀಸ್ ಸೇರಿದೆಯೇ, ಸೆರಗು ರೇಷ್ಮೆಯದೇ, ಬಣ್ಣ ಬಿಡುತ್ತದೆಯೇ, ಇಷ್ಟವಾಗದಿದ್ದರೆ ಹಿಂತಿರುಗಿಸಬಹುದೇ. ಮೊದಲ ಓಲೆಯಲ್ಲೇ ರಿಯಾಯಿತಿ ಕೊಟ್ಟರೆ, ಹಳೆಯ ಗ್ರಾಹಕರು ಬೇಕೆಂದೇ ಕಾರ್ಟ್ ಬಿಟ್ಟು ಕಾಯುವುದನ್ನು ಕಲಿಯುತ್ತಾರೆ.

ಯುಪಿಐ ಪಾವತಿ ‘ಪೆಂಡಿಂಗ್’ ಆಗಿರುವಾಗ ಹೋಗುವ ಓಲೆ ದೊಡ್ಡ ತೊಡಕು. ಖಾತೆಯಿಂದ ಹಣ ಕಡಿತವಾದವರಿಗೆ ‘ಖರೀದಿ ಮುಗಿಸಿ’ ಎಂದು ಬರೆದರೆ ನಂಬಿಕೆಯೇ ಹೋಗುತ್ತದೆ. ಪಾವತಿ ವಿಫಲವಾದದ್ದು ಖಚಿತವಾದ ಮೇಲೆಯೇ ಕಳುಹಿಸಬೇಕು. ಆರ್ಡರ್ ಬಂದೊಡನೆ ಉಳಿದ ಓಲೆ ನಿಲ್ಲಬೇಕು.

ಓಲೆಯ ನಂತರ ಬಂದ ಆರ್ಡರೆಲ್ಲ ಅದರ ಫಲವಲ್ಲ. ಕೆಲವರು ತಾವಾಗಿಯೇ ಮರಳುತ್ತಾರೆ. ಒಂದು ಪಾಲು ಗ್ರಾಹಕರಿಗೆ ಓಲೆ ಕಳುಹಿಸದೆ ಹೋಲಿಸಿದಾಗಲೇ ನಿಜವಾದ ಲಾಭ ತಿಳಿಯುತ್ತದೆ.