ಕಾರಣ-ಪರಿಣಾಮ ಪಾಠ (ಇತಿಹಾಸ ಬೋಧನೆ)
ಮೂಲ ಆಕರಗಳನ್ನು ಕಾಲರೇಖೆಯ ಮೇಲಿಟ್ಟು, ಒಂದು ಘಟನೆ ಮತ್ತೊಂದಕ್ಕೆ ಹೇಗೆ ಕಾರಣವಾಯಿತೆಂದು ಮಾಧ್ಯಮಿಕ ಹಂತದ ಮಕ್ಕಳು ತರ್ಕಿಸುವ ಪಾಠ. ಬಾದಾಮಿ ಚಾಲುಕ್ಯರ ಪತನ ಇದಕ್ಕೆ ಉತ್ತಮ ನಿದರ್ಶನ ಒದಗಿಸುತ್ತದೆ. ಕ್ರಿ.ಶ. 742ರದ್ದೆಂದು ಗಣಿಸುವ, ಮಹಾರಾಷ್ಟ್ರದ ಎಲ್ಲೋರ ತಾಮ್ರಪಟದಲ್ಲಿ ರಾಷ್ಟ್ರಕೂಟ ದಂತಿದುರ್ಗ ಸಾಮಂತನ ಬಿರುದುಗಳನ್ನು ಧರಿಸಿದ್ದಾನೆ. ಸುಮಾರು 754ರ ಸಾಮನಗಡ ತಾಮ್ರಪಟದಲ್ಲಿ ಚಾಲುಕ್ಯ ವಲ್ಲಭನನ್ನು ಗೆದ್ದ ಸಾರ್ವಭೌಮನಾಗಿದ್ದಾನೆ. ಇಷ್ಟನ್ನೇ ನೋಡಿದ ವಿದ್ಯಾರ್ಥಿ, ಒಂದು ಯುದ್ಧದಿಂದ ಬಾದಾಮಿ ಚಾಲುಕ್ಯರು ಅಳಿದರೆಂದು ಬರೆಯುತ್ತಾನೆ. ಆದರೆ 757ರ ವಕ್ಕಲೇರಿ ತಾಮ್ರಪಟದಲ್ಲಿ ಚಾಲುಕ್ಯ ದೊರೆ ಎರಡನೆಯ ಕೀರ್ತಿವರ್ಮ ಭೀಮಾ ತೀರದ ಬೀಡಿನಿಂದ ಚಕ್ರವರ್ತಿಯಾಗಿಯೇ ದಾನ ನೀಡುತ್ತಾನೆ. ಮೂರನೆಯ ಆಕರ ಸೇರಿದೊಡನೆ, ಪತನವು ಒಂದು ದಿನದ ಘಟನೆಯಲ್ಲ, ಹಲವು ವರ್ಷಗಳ ಪ್ರಕ್ರಿಯೆ ಎಂದು ತೀರ್ಮಾನ ಬದಲಾಗುತ್ತದೆ.

ಸಂಸ್ಕೃತ ಶಾಸನ ಮಕ್ಕಳಿಗೆ ಕಠಿಣವೆಂಬ ಆಕ್ಷೇಪಕ್ಕೆ, ಬಿರುದು, ತೇದಿ, ಸ್ಥಳಗಳ ಕನ್ನಡ ಸಾರಾಂಶವೇ ಪರಿಹಾರ. ಪ್ರಶಸ್ತಿಯು ಪಕ್ಷಪಾತಿಯೆಂಬುದು ನಿಜ. ಆದ್ದರಿಂದಲೇ ಗೆದ್ದವನ ಮಾತನ್ನು ಸೋತವನ ದಾಖಲೆಯೊಡನೆ ಹೋಲಿಸಬೇಕು. ಕಾಲರೇಖೆ ತೋರಿಸುವುದು ಅನುಕ್ರಮವನ್ನು ಮಾತ್ರ. ಹಿಂದಿನದೆಲ್ಲ ಕಾರಣವೆಂದು ಮಗು ಬರೆದರೆ ಪಾಠ ಸೋತಿದೆ, “ಇದು ನಡೆಯದಿದ್ದರೆ ಪರಿಣಾಮ ಬದಲಾಗುತ್ತಿತ್ತೇ?” ಎಂಬ ಪ್ರಶ್ನೆಗೆ ಆಕರದಿಂದಲೇ ಉತ್ತರಿಸಿದರೆ ಗೆದ್ದಿದೆ.